ಪುಟ್ಟಿಯ ಅಕ್ಷರಾಭ್ಯಾಸ

(ವಿಜಯದಶಮಿ ಬೆಳಿಗ್ಗೆ. ದೇವರ ಮುಂದೆ ದೀಪ. ಹಿತ್ತಾಳೆ ತಟ್ಟೆಯಲ್ಲಿ ಹರಡಿದ ಅಕ್ಕಿ, ಪಕ್ಕದಲ್ಲಿ ಅರಿಶಿನದ ಕೊಂಬು. ಮಗು ಅಪ್ಪನ ತೊಡೆಯ ಮೇಲೆ.)

ಅಮ್ಮ: ಶ್ರೀ ಗಣೇಶಾಯ ನಮಃ. ಶ್ರೀ ಸರಸ್ವತ್ಯೈ ನಮಃ. ತಾಯೀ ಶಾರದೆ, ನಮ್ಮ ಪುಟ್ಟಿ ಇವತ್ತು ಮೊದಲ ಅಕ್ಷರ ಬರೀತಾಳೆ. ಅವಳ ನಾಲಿಗೆಯಲ್ಲಿ ನೀನೇ ನೆಲೆಸಮ್ಮ.

ಅಪ್ಪ (ಕೈ ಹಿಡಿದು ಬರೆಸುತ್ತಾ): ಬೆರಳು ಬಿಗಿ ಮಾಡಬೇಡ ಕಂದಾ, ನನ್ನ ಕೈ ಜೊತೆ ಬಾ. ಮೊದಲು ಓಂ. ಆಮೇಲೆ ಶ್ರೀ. ಈಗ ಅ. ನೋಡು, ಅಕ್ಕಿ ಸರಿದು ತಟ್ಟೆಯ ತಳ ಹೊಳೀತಿದೆ, ಅದೇ ನಿನ್ನ ಅಕ್ಷರ! ಅ ಅಂದ್ರೆ ಅಮ್ಮ, ಅಪ್ಪ, ಅಜ್ಜಿ. ಗಟ್ಟಿಯಾಗಿ ಹೇಳು.

ಅಮ್ಮ: ಸೊಟ್ಟಗಾದ್ರೆ ಸವರಿ ಮತ್ತೆ ಬರಿ, ಬೈಯೋರಿಲ್ಲ. ಇದೇ ಅಕ್ಕಿಯಲ್ಲಿ ಮಧ್ಯಾಹ್ನ ಪಾಯಸ. ಈಗ ಸ್ಲೇಟು, ಬಳಪ ಕಣ್ಣಿಗೊತ್ತಿಕೊಂಡು ಅಜ್ಜಿಗೆ ನಮಸ್ಕಾರ ಮಾಡು.