ವಾರ್ಷಿಕ ಕಾರ್ಯನಿರ್ವಹಣಾ ವರದಿ, 2024–25: ಶ್ರೀಧರ, ಹಿರಿಯ ಸಹಾಯಕ, ಲೆಕ್ಕ ಹೊಂದಾಣಿಕೆ ವಿಭಾಗ

ಪ್ರಧಾನ ಕಚೇರಿ, ಚಾಮರಾಜಪೇಟೆ, ಬೆಂಗಳೂರು
ವರದಿಯ ಅವಧಿ: 1 ಏಪ್ರಿಲ್ 2024ರಿಂದ 31 ಮಾರ್ಚ್ 2025
ಬರೆದವರು: ವಿಭಾಗದ ವ್ಯವಸ್ಥಾಪಕರು
ಉದ್ಯೋಗಿಯೊಂದಿಗೆ ಚರ್ಚಿಸಿದ ದಿನ: 22 ಏಪ್ರಿಲ್ 2025
ಸಲ್ಲಿಕೆ: ಪ್ರಧಾನ ವ್ಯವಸ್ಥಾಪಕರು ಮತ್ತು ಬಡ್ತಿ ಸಮಿತಿ

ಒಟ್ಟಾರೆ ಅಭಿಪ್ರಾಯ

ಕಳೆದ ವರ್ಷದ ವರದಿಯಲ್ಲಿ ಶ್ರೀಧರ ಅವರ ಬಗ್ಗೆ ನಾನು ಬರೆದದ್ದು ಒಂದೇ ಸಾಲು: "ಕೆಲಸದಲ್ಲಿ ಶ್ರದ್ಧೆಯಿದೆ, ಸಭೆಗಳಲ್ಲಿ ಇನ್ನಷ್ಟು ತೊಡಗಿಕೊಳ್ಳಬೇಕು." ಅದನ್ನು ಬರೆಯಲು ಎರಡು ನಿಮಿಷವೂ ಹಿಡಿದಿರಲಿಲ್ಲ. ಆ ಸಾಲನ್ನೇ ಆಧರಿಸಿ ಸಮಿತಿಯು ಅವರ ಹೆಸರನ್ನು ಕೈಬಿಟ್ಟಿತು. ಈ ಬಾರಿ ಉದ್ದವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಪ್ರತಿ ಸೋಮವಾರ ಹತ್ತು ಗಂಟೆಗೆ ನಡೆಯುವ ಪರಿಶೀಲನಾ ಸಭೆಯ ನಡಾವಳಿಗಳನ್ನು ಈ ವರದಿಗಾಗಿ ಮತ್ತೊಮ್ಮೆ ತಿರುವಿಹಾಕಿದೆ. ವರ್ಷದಲ್ಲಿ 48 ಸಭೆಗಳು ನಡೆದಿವೆ. ಹಾಜರಿ ಪಟ್ಟಿಯನ್ನು ಬಿಟ್ಟರೆ ಶ್ರೀಧರ ಅವರ ಹೆಸರು ಬರುವುದು ನಾಲ್ಕರಲ್ಲಿ. ಆದರೆ ಅದೇ ನಡಾವಳಿಗಳಲ್ಲಿ ಬೇರೆಯವರು ಮಂಡಿಸಿದ ಬಾಕಿ ನಮೂದುಗಳ ಪಟ್ಟಿ, ಶಾಖಾವಾರು ವ್ಯತ್ಯಾಸದ ಕೋಷ್ಟಕ, ತಿಂಗಳ ಕೊನೆಯ ಸಾರಾಂಶ ಇವೆಲ್ಲವೂ ಅವರು ಹಿಂದಿನ ಶುಕ್ರವಾರ ಸಂಜೆ ಸಿದ್ಧಪಡಿಸಿ ಕಳುಹಿಸಿದವು. ನಡಾವಳಿಯಲ್ಲಿ ಓದಿದವರ ಹೆಸರು ಇರುತ್ತದೆಯೇ ಹೊರತು ಬರೆದವರದ್ದು ಇರುವುದಿಲ್ಲ. ಅದನ್ನು ದಾಖಲಿಸುವವನು ನಾನೇ ಆದ್ದರಿಂದ ಈ ದೂರನ್ನು ಇನ್ನಾರ ಮೇಲೂ ಹೊರಿಸುವಂತಿಲ್ಲ.

ಕೆಲಸದ ಗುಣಮಟ್ಟ

ಎಟಿಎಂ ಮತ್ತು ಯುಪಿಐ ವ್ಯವಹಾರಗಳ ಹೊಂದಾಣಿಕೆ ಅವರ ಹೊಣೆ. ಸಮಿತಿಯ ಸದಸ್ಯರಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡದವರೂ ಇರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಗ್ರಾಹಕರೊಬ್ಬರು ಯಂತ್ರದ ಮುಂದೆ ನಿಂತು ಐದು ಸಾವಿರ ಕೇಳುತ್ತಾರೆ. ಖಾತೆಯಿಂದ ಹಣ ಕಡಿತವಾಗುತ್ತದೆ, ನೋಟು ಹೊರಗೆ ಬರುವುದಿಲ್ಲ. ಆಗ ನಮ್ಮ ಖಾತಾ ಪುಸ್ತಕ, ಯಂತ್ರ ಮತ್ತು ಬ್ಯಾಂಕಿನ ನಡುವೆ ವ್ಯವಹಾರದ ಸಂದೇಶಗಳನ್ನು ಸಾಗಿಸುವ ಸ್ವಿಚ್ ಸಂಸ್ಥೆಯ ಫೈಲ್, ಯಂತ್ರದೊಳಗಿನ ದಾಖಲೆ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ನಿಜವೆಂದು ನಿರ್ಧರಿಸಿ ಹಣ ಮರಳಿಸಬೇಕು. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯವಹಾರ ನಡೆದ ದಿನದಿಂದ ಐದು ದಿನಗಳೊಳಗೆ ಹಣ ಮರಳದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ₹100 ಪರಿಹಾರ ಕೊಡಬೇಕು, ಅದೂ ಗ್ರಾಹಕರು ಕೇಳುವ ಮೊದಲೇ.

ವರ್ಷದ ಆರಂಭದಲ್ಲಿ ಸಸ್ಪೆನ್ಸ್ ಖಾತೆಯಲ್ಲಿ ಇತ್ಯರ್ಥವಾಗದ 412 ನಮೂದುಗಳಿದ್ದವು. ಕೆಲವು ಮೂರು ವರ್ಷ ಹಳೆಯವು. ಅವನ್ನು ಮುಟ್ಟಲು ಯಾರೂ ಮನಸ್ಸು ಮಾಡಿರಲಿಲ್ಲ, ನಾನೂ ಸೇರಿದಂತೆ. ಮಾರ್ಚ್ 31ರಂದು ಉಳಿದಿದ್ದವು 9. ಈ ಒಂಬತ್ತೂ ಏಕೆ ಉಳಿದಿವೆ, ಯಾರ ಉತ್ತರಕ್ಕಾಗಿ ಕಾಯುತ್ತಿವೆ ಎಂಬುದು ಪ್ರತಿ ನಮೂದಿನ ಎದುರಿನ ಷರಾದಲ್ಲಿದೆ. ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ತಪಾಸಣಾ ತಂಡ ಬಂದಾಗ ಈ ಖಾತೆಗೆಂದೇ ಎರಡು ದಿನ ಮೀಸಲಿಟ್ಟಿತ್ತು. ಅವರು ತಮ್ಮ ಆಯ್ಕೆಯ 60 ನಮೂದುಗಳನ್ನು ಕೇಳಿದರು. ಶ್ರೀಧರ ಒಂದೊಂದಕ್ಕೂ ಫೈಲಿನ ಪುಟ ತೆರೆದು ಅವರ ಕಡೆಗೆ ತಿರುಗಿಸಿ ಇಟ್ಟರು. ಊಟದ ಹೊತ್ತಿಗೆ ಪರಿಶೀಲನೆ ಮುಗಿದಿತ್ತು. ಪಕ್ಕದಲ್ಲಿ ಕುಳಿತು ವಿವರಣೆ ಕೊಡಲು ಸಿದ್ಧನಾಗಿ ಬಂದಿದ್ದ ನನಗೆ ಕಾಫಿ ತರಿಸುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ತಡವಾಗಿ. ವರದಿಗೆ ಮುನ್ನ ಮೂರು ಶಾಖೆಗಳಿಗೆ ದೂರವಾಣಿ ಮಾಡಿ, "ಲೆಕ್ಕ ಹೊಂದದಿದ್ದರೆ ಯಾರನ್ನು ಕೇಳುತ್ತೀರಿ?" ಎಂದು ವಿಚಾರಿಸಿದೆ. ಹನುಮಂತನಗರ, ವಿಜಯನಗರ, ಯಲಹಂಕ ಮೂರೂ ಕಡೆಯಿಂದ ಬಂದದ್ದು ಅವರದ್ದೇ ಹೆಸರು. ವಿಜಯನಗರದ ಕ್ಯಾಷಿಯರ್ ಹೇಳಿದ್ದನ್ನು ಇಲ್ಲಿ ದಾಖಲಿಸಬೇಕು. ಡಿಸೆಂಬರ್‌ನಲ್ಲಿ ಒಂದು ಸಂಜೆ ಎಟಿಎಂ ನಗದಿನಲ್ಲಿ ₹10,000 ಕಡಿಮೆ ಬಂದಿತ್ತು. ಮೂರು ಬಾರಿ ಎಣಿಸಿ, ಕೈಯಿಂದಲೇ ಕಟ್ಟಿಬಿಡೋಣ ಎಂದು ಆಕೆ ತೀರ್ಮಾನಿಸಿದ್ದರಂತೆ. ಕೊನೆಗೊಮ್ಮೆ ಶ್ರೀಧರ ಅವರಿಗೆ ಕರೆ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಂತ್ರ ತಿರಸ್ಕರಿಸಿದ ನೋಟುಗಳ ಪೆಟ್ಟಿಗೆ ತೆರೆದಿರಾ ಮೇಡಂ?" ಐನೂರರ ಇಪ್ಪತ್ತು ನೋಟುಗಳು ಅಲ್ಲಿ ಬಿದ್ದಿದ್ದವು. ಆಕೆಯ ಅರ್ಧ ತಿಂಗಳ ಮನೆ ಖರ್ಚು ಉಳಿಯಿತು. ಇದನ್ನು ಶ್ರೀಧರ ನನಗೆ ಹೇಳಲಿಲ್ಲ. ಹೇಳುವಂಥ ವಿಷಯವೆಂದು ಅವರಿಗೆ ಅನ್ನಿಸಿರಲೂ ಇಲ್ಲ.

ಕೊರತೆಗಳು

"ತುಂಬಿದ ಕೊಡ ತುಳುಕುವುದಿಲ್ಲ" ಎಂದು ಬರೆದು ಈ ವರದಿಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಜುಲೈನಲ್ಲಿ ಈ ಕೊಡ ತುಳುಕಬೇಕಿತ್ತು, ತುಳುಕಲಿಲ್ಲ.

ಜುಲೈ 7ರ ಭಾನುವಾರ ರಾತ್ರಿಯಿಂದ ಸ್ವಿಚ್ ಸಂಸ್ಥೆಯು ತನ್ನ ಫೈಲಿನ ನಮೂನೆಯನ್ನು ಬದಲಿಸಿತು. ನೋಟು ಬಾರದೆ ರದ್ದಾದ ವ್ಯವಹಾರಗಳಿಗೆ ಬೇರೆ ಸಂಕೇತ ಬಂದಿತ್ತು. ನಮ್ಮ ತಂತ್ರಾಂಶ ಅವನ್ನೆಲ್ಲ ಯಶಸ್ವಿ ವ್ಯವಹಾರಗಳೆಂದೇ ಓದುತ್ತಿತ್ತು. ಶ್ರೀಧರ ಅದನ್ನು ಮರುದಿನ ಸಂಜೆಯೇ ಕಂಡುಹಿಡಿದರು. ಎಂದಿನ ದಿನವರದಿಯ ಜೊತೆ, ಎಂದಿನ ಶೀರ್ಷಿಕೆಯಲ್ಲೇ, ಮೂರನೇ ಹಾಳೆಯ ಕೊನೆಯ ಸಾಲಿನ ಷರಾದಲ್ಲಿ ಬರೆದು ಕಳುಹಿಸಿದರು: "ಹೊಸ ಸಂಕೇತ. ಪರಿಶೀಲನೆ ಅಗತ್ಯ." ಅನುಮೋದನೆಯಿಲ್ಲದೆ ಹಣ ಮರಳಿಸುವ ಅಧಿಕಾರ ಅವರಿಗಿಲ್ಲ, ಅನುಮೋದಿಸಬೇಕಾದ ನಾನು ಮೊದಲ ಹಾಳೆಯನ್ನಷ್ಟೇ ನೋಡುತ್ತಿದ್ದೆ. 15ರ ಸೋಮವಾರದ ಸಭೆಯಲ್ಲಿ, "ಹೊಸ ಫೈಲ್ ಸರಿಯಾಗಿ ಬರುತ್ತಿದೆಯೇ?" ಎಂದು ಕೇಳಿದೆ. ಇಬ್ಬರು ಹೌದೆಂದರು. ಶ್ರೀಧರ ತಮ್ಮ ನೋಟ್‌ಬುಕ್ ನೋಡುತ್ತಿದ್ದರು. ಮಾರನೆಯ ದಿನ ಯಲಹಂಕ ಶಾಖೆಗೆ ಗ್ರಾಹಕರೊಬ್ಬರು ಪಾಸ್‌ಬುಕ್ ಹಿಡಿದು ಬಂದು ಕೂಗಾಡಿದ ಮೇಲೆ ವಿಷಯ ಹೊರಬಿತ್ತು. ಅಂದೇ ಎಲ್ಲರಿಗೂ ಹಣ ಮರಳಿಸಿದೆವು. ಅಷ್ಟರಲ್ಲಿ ಐದು ದಿನಗಳ ಗಡುವು ದಾಟಿದ್ದ 38 ಗ್ರಾಹಕರಿಗೆ ಒಟ್ಟು ₹9,700 ಪರಿಹಾರ ಕೊಡಬೇಕಾಯಿತು. ಇಡೀ ವರ್ಷ ವಿಭಾಗ ಕೊಟ್ಟ ಪರಿಹಾರವೇ ₹13,400.

ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಹೆಚ್ಚು. ಎಂಟು ದಿನ ಬಂದ ಷರಾವನ್ನು ಓದದವನು ನಾನು. ಆದರೆ ಉಳಿದ ಪಾಲು ಅವರದ್ದೇ, ಅದನ್ನು ಅವರ ಸ್ವಭಾವದ ಹೆಸರಿನಲ್ಲಿ ಮನ್ನಾ ಮಾಡಲಾರೆ. ಸಭೆಯಲ್ಲಿ ಮಾತನಾಡದಿರುವುದು ತಪ್ಪಲ್ಲ; ಬಹಳಷ್ಟು ಸೋಮವಾರಗಳಲ್ಲಿ ಅವರ ಮೌನದಿಂದ ನಮಗೆ ನಷ್ಟವಾದದ್ದೇನೂ ಇಲ್ಲ, ಹತ್ತು ನಿಮಿಷ ಉಳಿದಿದೆ. ಗ್ರಾಹಕರ ಹಣ ಸಿಕ್ಕಿಕೊಂಡಿದೆ ಎಂದು ತಿಳಿದಾಗ ಅದನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸದಿರುವುದು ಬೇರೆ. ಬರೆದಿಟ್ಟ ಮಾತ್ರಕ್ಕೆ ಅದು ತಲುಪಿದಂತಾಗುವುದಿಲ್ಲ. ಮಾತು ಬೇಡವೆಂದಿದ್ದರೆ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದರೂ ಸಾಕಿತ್ತು.

ಚರ್ಚೆಯಲ್ಲಿ ಈ ವಿಷಯ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಬೇಕಿತ್ತು ಸರ್. ಇಬ್ಬರು ಸರಿಯಿದೆ ಎಂದ ಮೇಲೆ ಅವರನ್ನು ಸುಳ್ಳು ಮಾಡಿದಂತಾಗುತ್ತದೆ ಅನ್ನಿಸಿತು" ಎಂದರು. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ಉತ್ತರ. ಸಭೆಯನ್ನು ನಾನು ನಡೆಸುವ ರೀತಿಯ ಬಗ್ಗೆಯೂ ಅದರಲ್ಲಿ ಒಂದು ಮಾತಿದೆ.

ಎರಡನೆಯ ಕೊರತೆ, ಕೆಲಸವೆಲ್ಲ ಅವರೊಬ್ಬರ ತಲೆಯಲ್ಲಿರುವುದು. ಫೆಬ್ರವರಿಯಲ್ಲಿ ತಂಗಿಯ ಮದುವೆಗೆಂದು ಶಿರಸಿಗೆ ಹೋಗಿ ಎಂಟು ದಿನ ರಜೆಯಲ್ಲಿದ್ದಾಗ ಬಾಕಿ ನಮೂದುಗಳು 70 ದಾಟಿದವು. ಆಗಸ್ಟ್‌ನಲ್ಲಿ ಇಬ್ಬರು ಹೊಸ ಸಹಾಯಕರನ್ನು ಅವರ ಕೈಕೆಳಗೆ ಕೊಟ್ಟಿದ್ದೆ. ತಮ್ಮ ನೋಟ್‌ಬುಕ್ಕನ್ನು ಅವರ ಕೈಗಿತ್ತು, "ಓದಿ, ಅರ್ಥವಾಗದಿದ್ದರೆ ಕೇಳಿ" ಎಂದರಂತೆ. ಒಬ್ಬರು ಓದಿ ಕಲಿತರು. ಇನ್ನೊಬ್ಬರು ಕೇಳಲು ಹಿಂಜರಿದು ಎರಡು ತಿಂಗಳು ಹಾಗೆಯೇ ಕುಳಿತು, ಕೊನೆಗೆ ವರ್ಗಾವಣೆ ಕೇಳಿದರು. ಕೇಳಲು ಹಿಂಜರಿಯುವವರ ಕಷ್ಟ ಶ್ರೀಧರ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಈ ಮಾತನ್ನು ಅವರ ಮುಂದೆಯೂ ಹೇಳಿದ್ದೇನೆ.

ಅಂಕಗಳು (5ಕ್ಕೆ)

ವೃತ್ತಿಜ್ಞಾನ 5. ನಿಖರತೆ 5. ಶಾಖೆಗಳಿಗೆ ನೆರವು 5. ಕಿರಿಯರ ತರಬೇತಿ 2. ಮಾಹಿತಿ ತಲುಪಿಸುವಿಕೆ 2.

"ಸಭೆಗಳಲ್ಲಿ ಸಕ್ರಿಯ ಪಾಲ್ಗೊಳ್ಳುವಿಕೆ" ಎಂಬ ಕಲಮಿಗೆ ಕಳೆದ ವರ್ಷ 2 ಕೊಟ್ಟಿದ್ದೆ, ಈ ವರ್ಷ 3 ಕೊಟ್ಟಿದ್ದೇನೆ. ಅವರು ಹೆಚ್ಚು ಮಾತನಾಡಿದ್ದಾರೆಂದು ಅಲ್ಲ. ಸಭೆಗೆ ಬೇಕಾದ ಸರಕನ್ನು ಒದಗಿಸುವುದೂ ಪಾಲ್ಗೊಳ್ಳುವುದೇ ಎಂದು ಒಪ್ಪಿದರೆ 4 ಆಗಬೇಕು. ಜುಲೈ 15ರ ಒಂದು ಬೆಳಿಗ್ಗೆಗಾಗಿ ಒಂದಂಕ ಕಳೆದಿದ್ದೇನೆ. ನಮೂನೆಯಲ್ಲಿ ಈ ಕಲಮು ಇರಬೇಕೇ ಎಂಬುದನ್ನು ಸಿಬ್ಬಂದಿ ವಿಭಾಗ ಯೋಚಿಸಲಿ.

ಮುಂದಿನ ವರ್ಷಕ್ಕೆ ಒಪ್ಪಿಕೊಂಡದ್ದು

ಸಭೆಯಲ್ಲಿ ಮಾತನಾಡಿ ಎಂದು ಅವರಿಗೆ ನಾನು ಹೇಳುವುದಿಲ್ಲ. ಅದರ ಬದಲು ಸಭೆಯ ವಿಷಯಪಟ್ಟಿಯನ್ನು ಶುಕ್ರವಾರವೇ ಕಳುಹಿಸುತ್ತೇನೆ. ಅವರ ಟಿಪ್ಪಣಿ ಸೋಮವಾರ ಒಂಬತ್ತೂವರೆಗೆ ನನ್ನ ಕೈಸೇರಬೇಕು. ಅದನ್ನು ಅವರ ಹೆಸರು ಹೇಳಿಯೇ ಓದುತ್ತೇನೆ, ನಡಾವಳಿಯಲ್ಲೂ ಹಾಗೆಯೇ ಬರುತ್ತದೆ. ಗ್ರಾಹಕರ ಹಣಕ್ಕೆ ಸಂಬಂಧಿಸಿದ ಯಾವುದೇ ಅನುಮಾನವನ್ನು ಷರಾದಲ್ಲಿ ಬರೆದರೆ ಸಾಲದು; ಪ್ರತ್ಯೇಕವಾಗಿ, "ತುರ್ತು" ಎಂಬ ಶೀರ್ಷಿಕೆಯಲ್ಲಿ, ಎರಡೇ ಸಾಲಿನಲ್ಲಿ ಕಳುಹಿಸಬೇಕು. ಒಂದು ಗಂಟೆಯೊಳಗೆ ನಾನು ಉತ್ತರಿಸದಿದ್ದರೆ ಎದ್ದು ಬಂದು ನನ್ನ ಬಾಗಿಲು ತಟ್ಟಬೇಕು. ಈ ಕೊನೆಯದಕ್ಕೆ ಒಪ್ಪಲು ಅವರು ಸ್ವಲ್ಪ ಸಮಯ ತೆಗೆದುಕೊಂಡರು, ಆದರೆ ಒಪ್ಪಿದ್ದಾರೆ.

ಸೆಪ್ಟೆಂಬರ್ ಕೊನೆಯೊಳಗೆ ಹೊಂದಾಣಿಕೆಯ ಕಾರ್ಯವಿಧಾನವನ್ನು ಪೂರ್ತಿಯಾಗಿ ಬರೆದುಕೊಡುತ್ತಾರೆ. ಕಿರಿಯ ಸಹಾಯಕರ ಪಕ್ಕದಲ್ಲಿ ವಾರಕ್ಕೆರಡು ದಿನ ಒಂದೊಂದು ಗಂಟೆ ಕುಳಿತು ಕಲಿಸುತ್ತಾರೆ. ಅವರು ಮಾಡುವುದನ್ನು ಕಿರಿಯರು ನೋಡಲಿ, ಉಪನ್ಯಾಸ ಬೇಕಿಲ್ಲ.

ಶಿಫಾರಸು

ಸಹಾಯಕ ವ್ಯವಸ್ಥಾಪಕ ಹುದ್ದೆಗೆ ಬಡ್ತಿ ನೀಡಿ ಇದೇ ವಿಭಾಗದಲ್ಲಿ ಮುಂದುವರಿಸಬೇಕೆಂದು ಶಿಫಾರಸು ಮಾಡುತ್ತೇನೆ. ಬಡ್ತಿ ಪಡೆದವರು ಒಂದು ವರ್ಷ ಶಾಖೆಯಲ್ಲಿ ಇರಬೇಕೆಂಬ ರೂಢಿ ನಮ್ಮಲ್ಲಿದೆ, ಅದನ್ನು ಇವರ ಮಟ್ಟಿಗೆ ಬಿಡಬೇಕು. "ಶಾಖೆ ಬೇಡ ಸರ್, ಇಲ್ಲೇ ಇರುತ್ತೇನೆ" ಎಂದು ಅವರೇ ಹೇಳಿದ್ದಾರೆ. ಠೇವಣಿ ತನ್ನಿ ಎಂದು ಅವರನ್ನು ಗಾಂಧಿಬಜಾರಿನ ಅಂಗಡಿ ಅಂಗಡಿಗೆ ಕಳುಹಿಸಿದರೆ ಠೇವಣಿಯೂ ಬರುವುದಿಲ್ಲ, ಇಲ್ಲಿನ ಲೆಕ್ಕವೂ ಕೂಡುವುದಿಲ್ಲ. ಕಾರ್ಯವಿಧಾನ ಮತ್ತು ತರಬೇತಿಯ ಪ್ರಗತಿಯನ್ನು ಅಕ್ಟೋಬರ್ ಮೊದಲ ವಾರ ಪರಿಶೀಲಿಸಿ ಸಮಿತಿಗೆ ತಿಳಿಸುತ್ತೇನೆ.

ಉದ್ಯೋಗಿಯ ಅಭಿಪ್ರಾಯ

ವರದಿಯನ್ನು ಓದಿದ್ದೇನೆ. "ಕೊರತೆಗಳು" ಭಾಗದಲ್ಲಿ 38 ಗ್ರಾಹಕರು ಎಂದಿದೆ. ನಮೂದುಗಳು 38, ಗ್ರಾಹಕರು 37. ಒಬ್ಬರು ಒಂದೇ ರಾತ್ರಿ ಎರಡು ಬಾರಿ ಪ್ರಯತ್ನಿಸಿದ್ದರು. ಪರಿಹಾರದ ಮೊತ್ತ ಸರಿಯಿದೆ. ಉಳಿದಂತೆ ಒಪ್ಪಿಗೆ.