ಭಿತ್ತಿಪತ್ರದ ಯೋಜನೆ: ಮೈಸೂರು ದಸರೆಯಲ್ಲಿ ನಮ್ಮ ವಿದ್ಯಾರ್ಥಿಗಳು

ಅಳತೆ ಎ1, ನಿಲುವಾಗಿ. ಹಳದಿ ಹಿನ್ನೆಲೆ ಬೇಡ, ಅಕ್ಷರ ಮಸುಕಾಗುತ್ತದೆ.

ತಲೆಬರಹ: ದಸರೆಗೆ ಉಳಿಯುವುದೋ, ಊರಿಗೆ ಹೋಗುವುದೋ?

ಎಡಬದಿ, ನಾಲ್ಕೇ ಸಾಲು: ನಮ್ಮ ಕಾಲೇಜಿನ 48 ಪದವಿ ವಿದ್ಯಾರ್ಥಿಗಳು, 26 ಮಂದಿ ಹಾಸ್ಟೆಲ್‌ನವರು, 22 ಮಂದಿ ಮನೆಯಿಂದ ಬರುವವರು. ಹಬ್ಬ ಮುಗಿದ ಮರುವಾರ ಪ್ರಶ್ನಾವಳಿ, ಬಳಿಕ ಆರು ಜನರೊಂದಿಗೆ ಮಾತುಕತೆ.

ನಡುವೆ, ಅರ್ಧ ಹಾಳೆಯಷ್ಟು ಸ್ತಂಭನಕ್ಷೆ: ದೀಪಾಲಂಕಾರ ನೋಡಿದವರು 41, ಯುವ ದಸರಾ 29, ಜಂಬೂ ಸವಾರಿಯನ್ನು ರಸ್ತೆಬದಿಯಲ್ಲಿ ನಿಂತು ನೋಡಿದವರು 13, ಬನ್ನಿಮಂಟಪದ ಪಂಜಿನ ಕವಾಯತು 5. ಕೆಳಗೆ ದಪ್ಪಕ್ಷರದಲ್ಲಿ: ಹಾಸ್ಟೆಲ್‌ನ 17 ಮಂದಿ ಆಯುಧಪೂಜೆಗೆ ಮೊದಲೇ ಊರಿಗೆ ಬಸ್ ಹತ್ತಿದ್ದರು. ಆಸಕ್ತಿಯಿಲ್ಲದೆ ಅಲ್ಲ, ಮನೆಯ ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ ಪೂಜೆ ಮಾಡಲು. ನಮ್ಮ ಮಟ್ಟಿಗೆ ಇದೇ ಮುಖ್ಯ ಫಲಿತಾಂಶ.

ಬಲಬದಿ, ಚೌಕಟ್ಟಿನಲ್ಲಿ ಒಬ್ಬಳ ಮಾತು: "ಅಪ್ಪನ ಹೂವಿನ ಅಂಗಡಿಯಲ್ಲಿ ರಾತ್ರಿ ಮೂರರವರೆಗೆ ಸೇವಂತಿಗೆ ಕಟ್ಟಿದೆ. ಮೆರವಣಿಗೆ ನೋಡಲಿಲ್ಲ." ನಮ್ಮ ಪ್ರಶ್ನಾವಳಿಯಲ್ಲಿ ಅವಳು "ಭಾಗವಹಿಸಿಲ್ಲ" ಎಂದು ದಾಖಲಾಗಿದ್ದಾಳೆ. ಇದು ನಮ್ಮ ತಪ್ಪು. ನೋಡುವುದನ್ನು ಮಾತ್ರ ಎಣಿಸಿ ದುಡಿಮೆಯನ್ನು ಬಿಟ್ಟೆವು. ಈ ಮಾತನ್ನು ಮೂಲೆಗೆ ತಳ್ಳಬಾರದು. ನಕ್ಷೆಯಷ್ಟೇ ದೊಡ್ಡದಾಗಿ ಕಾಣಲಿ. ಪಕ್ಕದಲ್ಲಿ ಹೂಮಾಲೆ ಹಿಡಿದ ಕೈಗಳ ಚಿತ್ರ, ಮುಖ ಬೇಡ.

ಮಿತಿ: ಒಂದೇ ಕಾಲೇಜು, ಒಂದೇ ವರ್ಷ, ಇಡೀ ಮೈಸೂರಿಗೆ ಅನ್ವಯಿಸದು. ಇದನ್ನೂ ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು.

ಕರಡು ಗುರುವಾರ ಮಾರ್ಗದರ್ಶಕರಿಗೆ, ಮುದ್ರಣ ಶನಿವಾರ.