ಆತ್ಮಹತ್ಯೆ ಅಪಾಯದ ಮೌಲ್ಯಮಾಪನ: ದಾಖಲಾತಿ ಟಿಪ್ಪಣಿ

ವಯಸ್ಸು 41, ಗಂಡಸು. ಅಕ್ಕನ ಜೊತೆ ಬಂದಿದ್ದಾರೆ. ಮೊದಲು ಇವರೊಬ್ಬರ ಹತ್ತಿರ 40 ನಿಮಿಷ ಮಾತಾಡಿದೆ. ಆಮೇಲೆ ಇವರ ಒಪ್ಪಿಗೆ ಪಡೆದು ಅಕ್ಕನ ಹತ್ತಿರವೂ ಮಾತಾಡಿ, ಹಳೇ ಫೈಲ್ ಓದಿದೆ.

ಸಾಯುವ ಯೋಚನೆ ಬಗ್ಗೆ ನೇರವಾಗಿಯೇ ಕೇಳಿದೆ. "ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ನಿಸ್ತಿತ್ತು. ಮೊನ್ನೆ ರಾತ್ರಿ ಮಾತ್ರೆ ಡಬ್ಬಿ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ, ಅಕ್ಕ ಬಾಗಿಲು ತಟ್ಟಿದಳು, ಇಟ್ಬಿಟ್ಟೆ" ಎಂದರು. ಇದನ್ನು ಬರೀ ಯೋಚನೆ ಎಂದು ನಾನು ಬರೆಯುವುದಿಲ್ಲ. ಇವರಾಗಿಯೇ ನಿಲ್ಲಿಸಿದ್ದಲ್ಲ, ಬೇರೆಯವರು ಬಂದದ್ದಕ್ಕೆ ನಿಂತಿದೆ.

ಬದಲಾಗದ ಅಂಶಗಳು: 2019ರಲ್ಲಿ ಒಮ್ಮೆ ಪ್ರಯತ್ನ, ಆಗ ಕುಡಿದಿದ್ದರು. ತಂದೆ ಆತ್ಮಹತ್ಯೆಯಿಂದ ತೀರಿಕೊಂಡಿದ್ದಾರೆ. ಖಿನ್ನತೆಗೆ ಎರಡು ಸಲ ಅಡ್ಮಿಟ್ ಆಗಿದ್ದಾರೆ. ಇವು ಯಾವ ಚಿಕಿತ್ಸೆಯಿಂದಲೂ ಅಳಿಸಿಹೋಗುವುದಿಲ್ಲ, ಇವತ್ತೇ ಏನಾಗುತ್ತದೆ ಎಂದೂ ಹೇಳುವುದಿಲ್ಲ. ಬೇರೆಯವರಿಗಿಂತ ಇವರ ತಳಮಟ್ಟವೇ ಎತ್ತರದಲ್ಲಿದೆ ಎನ್ನುವುದನ್ನಷ್ಟೇ ತೋರಿಸುತ್ತವೆ.

ಬದಲಾಗುವ ಅಂಶಗಳು: ಮೂರು ವಾರದಿಂದ ರಾತ್ರಿಗೆ ಎರಡು ಮೂರು ಗಂಟೆ ನಿದ್ದೆ. ಕೆಲಸ ಹೋಗಿ ಎರಡು ತಿಂಗಳು. ಖಿನ್ನತೆ ಮಾತ್ರೆ ತಾವಾಗಿಯೇ ನಿಲ್ಲಿಸಿದ್ದಾರೆ, ಡಬ್ಬಿಗಳು ಹಾಗೇ ಮನೆಯಲ್ಲಿವೆ. ದಿನಾ ಕುಡಿತ, ಕೊನೆಯದು ನಿನ್ನೆ ರಾತ್ರಿ. "ನಾನು ಎಲ್ಲರಿಗೂ ಭಾರ" ಎಂದು ಮೂರು ಸಲ ಹೇಳಿದರು. ಮುಂದಿನ ತಿಂಗಳ ಬಗ್ಗೆ ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದು ತಲೆ ಅಲ್ಲಾಡಿಸಿದರು. ನಾವು ಕೈ ಹಾಕಬೇಕಾದ್ದು ಇಲ್ಲೇ, ಅದರಲ್ಲೂ ನಿದ್ದೆ ಮತ್ತು ಕುಡಿತ ಮೊದಲು.

ಕಾಪಾಡುವ ಅಂಶಗಳು: ಒಂಬತ್ತು ವರ್ಷದ ಮಗಳು, ಒಟ್ಟಿಗೇ ಇರುವ ಅಕ್ಕ, ಮುಚ್ಚಿಡದೆ ಮಾತಾಡಿದ್ದು, ಅಡ್ಮಿಟ್ ಆಗಲು ಒಪ್ಪಿದ್ದು.

ಅಪಾಯದ ಮಟ್ಟ: ಹೆಚ್ಚು.

ಕಾರಣ ಹೀಗಿದೆ. ಮಧ್ಯಮ ಎಂದು ಹಾಕೋಣವೇ ಎಂದು ನಾನೂ ಯೋಚಿಸಿದೆ, ಯಾಕಂದ್ರೆ "ಇವತ್ತು ಅಂಥ ಉದ್ದೇಶ ಇಲ್ಲ" ಎನ್ನುತ್ತಾರೆ, ಮಗಳ ಹೆಸರು ಬಂದಾಗ ಕಣ್ಣು ತುಂಬಿ ಬಂತು. ಆದರೆ 2019ರಲ್ಲೂ ಮಗಳಿದ್ದಳು, ಅಕ್ಕನೂ ಇದ್ದರು, ಹಿಂದಿನ ದಿನವಷ್ಟೇ "ಉದ್ದೇಶ ಇಲ್ಲ" ಎಂದಿದ್ದರು ಎಂದು ಫೈಲಿನಲ್ಲೇ ಇದೆ. ಅವತ್ತು ಇವರನ್ನು ತಡೆಯದ ಅಂಶಗಳನ್ನು ಇವತ್ತು ಅಪಾಯದಿಂದ ಕಳೆಯಲು ನನಗೆ ಧೈರ್ಯವಿಲ್ಲ. ಆಗಿನ ಹಾಗೇ ಈಗಲೂ ಕುಡಿತ, ನಿದ್ದೆಗೇಡು, ಕೈಗೆ ಸಿಗುವ ಮಾತ್ರೆ ಮೂರೂ ಒಟ್ಟಿಗೆ ಸೇರಿವೆ. ಸ್ಕೋರ್ ನೋಡಿ ಹಾಕಿದ ಮಟ್ಟ ಇದಲ್ಲ. ಇವತ್ತಿನ ಮಟ್ಟ ಅಷ್ಟೇ, ನಾಳೆ ಬದಲಾಗಬಹುದು.

ಮುಂದಿನ ಕ್ರಮ: ಇವರ ಒಪ್ಪಿಗೆಯಿಂದಲೇ ಇವತ್ತು ಅಡ್ಮಿಟ್. ಸತತ ನಿಗಾ. ಕುಡಿತ ನಿಂತಿರುವುದರಿಂದ ನಡುಕ, ಬೆವರು, ಗೊಂದಲ, ಫಿಟ್ಸ್ ಬರುತ್ತದೆಯೇ ನೋಡುತ್ತಿರಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಅಕ್ಕ ಇವತ್ತೇ ಫಾರ್ಮಸಿಗೆ ತಂದು ಕೊಡುತ್ತಾರೆ. ನಾಳೆ ಬೆಳಿಗ್ಗೆ 9ಕ್ಕೆ ನಾನೇ ಮತ್ತೆ ನೋಡುತ್ತೇನೆ. ರಾತ್ರಿ ಡ್ಯೂಟಿಯವರಿಗೆ ಒಂದು ಮಾತು: ಇವರು ಇದ್ದಕ್ಕಿದ್ದಂತೆ ಹಗುರಾಗಿ, ನಗುತ್ತಾ "ಮನೆಗೆ ಕಳಿಸಿ" ಎಂದರೆ ಸುಧಾರಿಸಿದರು ಎಂದುಕೊಳ್ಳಬೇಡಿ, ಎಷ್ಟೇ ಹೊತ್ತಾಗಿದ್ದರೂ ನನಗೆ ಫೋನ್ ಮಾಡಿ.